ವಿಕರ್ಣದ ಸುತ್ತ ತಿರುಗಿದ ತ್ರಿಭುಜ

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಗಣಿತ ಪುಸ್ತಕದಲ್ಲಿ ಹಲವು ವರ್ಷ ಇದ್ದ ಒಂದು ಲೆಕ್ಕ ಹೀಗಿದೆ. ಒಂದು ಲಂಬಕೋನ ತ್ರಿಭುಜದಲ್ಲಿ ಲಂಬಕೋನವನ್ನು ಉಂಟುಮಾಡುವ ಬಾಹುಗಳು 3 ಸೆಂ.ಮೀ. ಮತ್ತು 4 ಸೆಂ.ಮೀ. ಆ ತ್ರಿಭುಜವನ್ನು ಅದರ ವಿಕರ್ಣದ ಸುತ್ತ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಜೋಡಿ ಶಂಕು ಉಂಟಾಗುತ್ತದೆ. ಅದರ ಘನಫಲ ಎಷ್ಟು, ಮೇಲ್ಮೈ ವಿಸ್ತೀರ್ಣ ಎಷ್ಟು?

ಶಂಕುವಿನ ಸೂತ್ರ ಬಾಯಿಪಾಠ ಇರುವ ವಿದ್ಯಾರ್ಥಿ ಕೂಡ ಇಲ್ಲಿ ಎಡವುವುದುಂಟು. ಲೆಕ್ಕದಲ್ಲಿ ಕೊಟ್ಟಿರುವ 3 ಆಗಲಿ 4 ಆಗಲಿ ಈ ಶಂಕುಗಳ ತ್ರಿಜ್ಯವೂ ಅಲ್ಲ, ಎತ್ತರವೂ ಅಲ್ಲ. ಆದರೂ ಕೈ ತಾನಾಗಿ 3ನ್ನು ತ್ರಿಜ್ಯ, 4ನ್ನು ಎತ್ತರ ಎಂದು ಬರೆದುಬಿಡುತ್ತದೆ. ಅದಕ್ಕೆ ಕಾರಣವೂ ಇದೆ. ಲಂಬಕೋನ ತ್ರಿಭುಜದ ಒಂದು ಬಾಹುವನ್ನು ಅಲುಗದಂತೆ ಹಿಡಿದು ತ್ರಿಭುಜವನ್ನು ತಿರುಗಿಸಿದರೆ ಸಿಗುವ ಆಕೃತಿಯೇ ಶಂಕು ಎಂದು ಯೂಕ್ಲಿಡ್ ತನ್ನ ಗ್ರಂಥದ ಹನ್ನೊಂದನೇ ಭಾಗದಲ್ಲಿ ವ್ಯಾಖ್ಯಾನಿಸಿದ್ದಾನೆ. ಅವನು ಹಿಡಿಯಲು ಹೇಳಿದ್ದು ಲಂಬಕೋನದ ಪಕ್ಕದ ಬಾಹುವನ್ನು. ನಾವೆಲ್ಲ ಶಾಲೆಯಲ್ಲಿ ಕಲಿತದ್ದೂ ಅದೇ ಶಂಕು. ಅಲ್ಲಿ ಒಂದು ಬಾಹು ಎತ್ತರ, ಇನ್ನೊಂದು ತ್ರಿಜ್ಯ, ವಿಕರ್ಣವೇ ಓರೆ ಎತ್ತರ. ಈಗ ಹಿಡಿದಿರುವುದು ವಿಕರ್ಣವನ್ನು. ಹಿಡಿತ ಬದಲಾದೊಡನೆ ಮೂರೂ ಬಾಹುಗಳ ಕೆಲಸ ಬದಲಾಗುತ್ತದೆ.

ಏನಾಗುತ್ತದೆಂದು ಕಣ್ಣಿಂದಲೇ ನೋಡಬಹುದು. ದಪ್ಪ ರಟ್ಟಿನಲ್ಲಿ ತ್ರಿಭುಜ ಕತ್ತರಿಸಿ, ಅದರ ಉದ್ದದ ಬದಿಗೆ ಒಂದು ತೆಳ್ಳನೆಯ ಕಡ್ಡಿಯನ್ನು ಅಂಟಿಸಿ, ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಹೊಸೆಯಿರಿ. ಎರಡೂ ತುದಿ ಚೂಪಾಗಿ, ನಡುವೆ ಉಬ್ಬಿದ, ಬುಗುರಿಯಂಥ ಆಕಾರ ಗಾಳಿಯಲ್ಲಿ ಮೂಡುತ್ತದೆ. ಉಬ್ಬು ಸರಿಯಾಗಿ ಮಧ್ಯದಲ್ಲಿ ಇರುವುದಿಲ್ಲ, ಚಿಕ್ಕ ಬಾಹುವಿನ ಕಡೆಗೆ ಸರಿದಿರುತ್ತದೆ. ಅತಿ ಹೆಚ್ಚು ಉಬ್ಬಿದ ಜಾಗದಲ್ಲಿ ಸುತ್ತುತ್ತಿರುವುದು ಲಂಬಕೋನದ ಶೃಂಗ. ಆ ಶೃಂಗ ಕಡ್ಡಿಯಿಂದ ಎಷ್ಟು ದೂರದಲ್ಲಿದೆಯೋ ಅದೇ ತ್ರಿಜ್ಯ. ಅಂದರೆ ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಎಳೆದ ಲಂಬವೇ ಎರಡೂ ಶಂಕುಗಳಿಗೆ ಸೇರಿದ ತ್ರಿಜ್ಯ. ಈ ಲಂಬ ತ್ರಿಭುಜದ ಚಿತ್ರದಲ್ಲಿ ಇರುವುದಿಲ್ಲ, ನಾವೇ ಎಳೆದುಕೊಳ್ಳಬೇಕು. ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆ.

ಅದರ ಉದ್ದ ಕಂಡುಹಿಡಿಯಲು ಸುಲಭದ ದಾರಿ ವಿಸ್ತೀರ್ಣ. ಪೈಥಾಗೊರಸ್ ಪ್ರಮೇಯದಿಂದ ವಿಕರ್ಣ 5 ಸೆಂ.ಮೀ. ತ್ರಿಭುಜದ ವಿಸ್ತೀರ್ಣವನ್ನು ಎರಡು ರೀತಿ ಬರೆಯಬಹುದು. 3 ಮತ್ತು 4ನ್ನು ಪಾದ, ಎತ್ತರ ಎಂದು ತೆಗೆದುಕೊಂಡರೆ 6 ಚದರ ಸೆಂ.ಮೀ. ವಿಕರ್ಣವನ್ನೇ ಪಾದವಾಗಿ ತೆಗೆದುಕೊಂಡರೆ 5ನ್ನು ಲಂಬದಿಂದ ಗುಣಿಸಿ ಅರ್ಧ ಮಾಡಬೇಕು. ಎರಡೂ ಒಂದೇ ತ್ರಿಭುಜದ ವಿಸ್ತೀರ್ಣವಾದ್ದರಿಂದ ಲಂಬ 12ರಲ್ಲಿ 5 ಭಾಗಿಸಿದಷ್ಟು, ಅಂದರೆ 2.4 ಸೆಂ.ಮೀ. ಜೋಡಿ ಶಂಕುವಿನ ತ್ರಿಜ್ಯ ಸಿಕ್ಕಿತು.

ಇನ್ನು ಎತ್ತರಗಳು. ಲಂಬದ ಬುಡ ವಿಕರ್ಣವನ್ನು ಎರಡು ತುಂಡು ಮಾಡುತ್ತದೆ, ಒಂದೊಂದು ತುಂಡು ಒಂದೊಂದು ಶಂಕುವಿನ ಎತ್ತರ. ಸಮರೂಪ ತ್ರಿಭುಜಗಳಿಂದ ಚಿಕ್ಕ ತುಂಡು 1.8 ಸೆಂ.ಮೀ., ದೊಡ್ಡ ತುಂಡು 3.2 ಸೆಂ.ಮೀ. ಎಂದು ಕಂಡುಹಿಡಿಯಬಹುದು. ಹೆಚ್ಚಿನ ಗೈಡುಗಳು ಇಲ್ಲಿ ಅರ್ಧ ಪುಟ ಕಳೆಯುತ್ತವೆ. ಆದರೆ ಘನಫಲ ಮಾತ್ರ ಬೇಕಾಗಿದ್ದರೆ ಈ ಶ್ರಮ ಅಗತ್ಯವಿಲ್ಲ. ಶಂಕುವಿನ ಘನಫಲವೆಂದರೆ ಅದೇ ಪಾದ, ಅದೇ ಎತ್ತರದ ಸಿಲಿಂಡರಿನ ಮೂರನೇ ಒಂದು ಭಾಗ. ಸೂಚಿಯಂತೆ ಕಿರಿದಾಗುತ್ತ ಹೋಗುವ ಗುಂಡಿಗೆ ಇದೇ ಮೂರನೇ ಒಂದರ ನಿಯಮವನ್ನು ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಕೊಟ್ಟಿದ್ದಾರೆ. ನಮ್ಮ ಎರಡು ಶಂಕುಗಳ ಪಾದ ಒಂದೇ. ಹಾಗಾಗಿ ಒಂದರ ಎತ್ತರಕ್ಕೆ ಇನ್ನೊಂದರ ಎತ್ತರ ಕೂಡಿಸಿ, ಒಂದೇ ಸಲ ಗುಣಿಸಿದರೆ ಸಾಕು. ಆ ಎರಡು ಎತ್ತರಗಳ ಮೊತ್ತ ಯಾವಾಗಲೂ ವಿಕರ್ಣವೇ.

ಘನಫಲ = ⅓ × π × 2.4 × 2.4 × 5 = 9.6π

ಲಂಬಕೋನದ ಬಾಹುಗಳನ್ನು a, b ಎಂದೂ ವಿಕರ್ಣವನ್ನು c ಎಂದೂ ಕರೆದರೆ ತ್ರಿಜ್ಯ ab/c, ಘನಫಲ πa²b²/3c. ಈ ಸೂತ್ರದಲ್ಲಿ 1.8 ಮತ್ತು 3.2ಕ್ಕೆ ಜಾಗವೇ ಇಲ್ಲ.

9.6π ಎಂದು ಬರೆದು ನಿಲ್ಲಿಸುವುದು ನನ್ನ ಮಟ್ಟಿಗೆ ಅತ್ಯುತ್ತಮ ಉತ್ತರ. π ಬದಲು 3.14 ಹಾಕಿದರೆ 30.14 ಘನ ಸೆಂ.ಮೀ. ಬರುತ್ತದೆ, 22/7 ಹಾಕಿದರೆ 30.17. ಪುಸ್ತಕದ ಕೊನೆಯ ಉತ್ತರಕ್ಕೂ ತಮ್ಮ ಉತ್ತರಕ್ಕೂ ಮೂರು ನೂರನೇ ಭಾಗ ವ್ಯತ್ಯಾಸ ಕಂಡು ಮಕ್ಕಳು ಸರಿಯಾದ ಲೆಕ್ಕವನ್ನೇ ಹೊಡೆದುಹಾಕುವುದುಂಟು. ನಿಜವಾದ ಬೆಲೆ 30.16ರ ಹತ್ತಿರ, ಆ ಎರಡರ ನಡುವೆ ಇದೆ. ವ್ಯತ್ಯಾಸ π ಬೆಲೆಯದ್ದೇ ಹೊರತು ವಿಧಾನದ್ದಲ್ಲ.

ಮೇಲ್ಮೈ ವಿಸ್ತೀರ್ಣದಲ್ಲಿ ತಪ್ಪು ಬೇರೆ ಕಡೆ ಆಗುತ್ತದೆ. ಶಂಕುವಿನ ಪೂರ್ಣ ಮೇಲ್ಮೈ ಎಂದರೆ ಓರೆ ಮೈ ಮತ್ತು ಪಾದದ ವೃತ್ತ ಎರಡೂ ಸೇರಿದ್ದು ಎಂದು ಕಲಿತವರು ಇಲ್ಲಿಯೂ ಎರಡು ಪಾದಗಳನ್ನು ಸೇರಿಸಿಬಿಡುತ್ತಾರೆ. ಆದರೆ ಆ ಪಾದಗಳು ಒಂದಕ್ಕೊಂದು ಅಂಟಿಕೊಂಡು ಆಕೃತಿಯ ಒಳಗೆ ಸೇರಿಹೋಗಿವೆ. ಹೊರಗೆ ಕಾಣುವುದು ಎರಡು ಓರೆ ಮೈಗಳು ಮಾತ್ರ. 3 ಮತ್ತು 4ಕ್ಕೆ ಕೊನೆಗೂ ಕೆಲಸ ಸಿಗುವುದು ಇಲ್ಲಿ. ಅವೇ ಓರೆ ಎತ್ತರಗಳು. ಆದ್ದರಿಂದ ವಿಸ್ತೀರ್ಣ π × 2.4 × (3 + 4), ಅಂದರೆ 16.8π, ಸುಮಾರು 52.8 ಚದರ ಸೆಂ.ಮೀ.

ಕಾಗದದಲ್ಲಿ ಈ ಆಕೃತಿಯನ್ನು ಮಾಡಿ ನೋಡುವವರಿಗೆ ಅಳತೆ ಹೇಳುತ್ತೇನೆ. ಎಲ್ಲವನ್ನೂ ಮೂರು ಪಟ್ಟು ಮಾಡಿಕೊಳ್ಳಿ, ಕೈಗೆ ಹಿಡಿಯುವಂತಿರುತ್ತದೆ. 9 ಸೆಂ.ಮೀ. ತ್ರಿಜ್ಯದ ವೃತ್ತದಿಂದ 288 ಡಿಗ್ರಿ ಕೋನದ ಭಾಗವನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿ ತೆಗೆಯಿರಿ. 12 ಸೆಂ.ಮೀ. ತ್ರಿಜ್ಯದ ಇನ್ನೊಂದು ವೃತ್ತದಿಂದ 216 ಡಿಗ್ರಿ ಭಾಗ ಉಳಿಸಿಕೊಳ್ಳಿ. ಅಂಚು ಅಂಚಿಗೆ ತಾಗಿಸಿ, ಒಂದರ ಮೇಲೊಂದು ಏರದಂತೆ ಟೇಪ್ ಹಚ್ಚಿದರೆ ಎರಡು ಶಂಕುಗಳು ಬರುತ್ತವೆ. ಎರಡರ ಬಾಯಿಯೂ 7.2 ಸೆಂ.ಮೀ. ತ್ರಿಜ್ಯ, ಹಾಗಾಗಿ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಕೂರದಿದ್ದರೆ ಕೋನದ ಅಳತೆ ತಪ್ಪಿದೆ ಎಂದರ್ಥ. ಅಳತೆ ಮೂರು ಪಟ್ಟಾದಾಗ ಘನಫಲ 27 ಪಟ್ಟಾಗುವುದರಿಂದ ಎರಡೂ ಸೇರಿ ಸುಮಾರು 814 ಮಿಲಿಲೀಟರ್ ಹಿಡಿಯಬೇಕು. ಗಿಡ್ಡ ಶಂಕು ಸುಮಾರು 293, ಎತ್ತರದ್ದು ಸುಮಾರು 521. ರವೆಯನ್ನೋ ಒಣ ಮರಳನ್ನೋ ಬಾಯಿಮಟ್ಟಕ್ಕೆ ತುಂಬಿ, ಅಳತೆ ಪಾತ್ರೆಗೆ ಸುರಿದು ನೋಡಬಹುದು. ಕಾಗದ ಬಾಗುವುದರಿಂದ ಸ್ವಲ್ಪ ಆಚೀಚೆ ಆಗುತ್ತದೆ.

ಇದೇ ತ್ರಿಭುಜವನ್ನು ಬೇರೆ ಬಾಹುಗಳ ಸುತ್ತ ತಿರುಗಿಸಿದರೆ ಏನು ಬರುತ್ತದೆ? 3 ಸೆಂ.ಮೀ. ಬಾಹುವಿನ ಸುತ್ತ ತಿರುಗಿಸಿದರೆ 16π, 4 ಸೆಂ.ಮೀ. ಬಾಹುವಿನ ಸುತ್ತ 12π, ವಿಕರ್ಣದ ಸುತ್ತ 9.6π. ತಿರುಗುವ ತ್ರಿಭುಜ ಅದೇ, ವಿಸ್ತೀರ್ಣ ಅದೇ 6, ಅಕ್ಷವೂ ಉದ್ದವಾಗುತ್ತ ಹೋಗಿದೆ, ಆದರೂ ಘನಫಲ ಕಡಿಮೆಯಾಗುತ್ತ ಬಂದಿದೆ. ಇದಕ್ಕೆ ಉತ್ತರವಾಗುವ ಪ್ರಮೇಯ ನಾಲ್ಕನೇ ಶತಮಾನದ ಅಲೆಕ್ಸಾಂಡ್ರಿಯಾದ ಪಾಪಸ್‌ನ ಹೆಸರಿನಲ್ಲಿದೆ. ಹದಿನೇಳನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಗುಲ್ಡಿನ್ ಅದನ್ನು ಮತ್ತೆ ಪ್ರಕಟಿಸಿದ. ಸಮತಲದ ಆಕೃತಿಯೊಂದು, ತನ್ನನ್ನು ಅಡ್ಡ ಹಾಯದ ಒಂದು ಅಕ್ಷದ ಸುತ್ತ ತಿರುಗಿದಾಗ ಉಂಟಾಗುವ ಘನಫಲವೆಂದರೆ, ಅದರ ವಿಸ್ತೀರ್ಣವನ್ನು ಅದರ ಗುರುತ್ವ ಕೇಂದ್ರ ಸುತ್ತಿ ಬಂದ ದೂರದಿಂದ ಗುಣಿಸಿದಷ್ಟು.

ತ್ರಿಭುಜದ ಗುರುತ್ವ ಕೇಂದ್ರ ಯಾವ ಬಾಹುವಿನಿಂದ ಅಳೆದರೂ ಅದಕ್ಕೆ ಎಳೆದ ಲಂಬದ ಮೂರನೇ ಒಂದು ಭಾಗದಷ್ಟು ದೂರದಲ್ಲಿರುತ್ತದೆ. ವಿಕರ್ಣಕ್ಕೆ ಲಂಬ 2.4, ಹಾಗಾಗಿ ದೂರ 0.8. ಅದು ಸುತ್ತಿ ಬರುವ ದಾರಿ 1.6π, ಅದನ್ನು 6ರಿಂದ ಗುಣಿಸಿದರೆ ಮತ್ತೆ 9.6π. ಮೂರು ಬಾಹುಗಳಲ್ಲಿ ವಿಕರ್ಣವೇ ಉದ್ದ, ಆದ್ದರಿಂದ ಅದಕ್ಕೆ ಎಳೆದ ಲಂಬವೇ ಗಿಡ್ಡ. ತ್ರಿಭುಜದ ಮೈ ಅಕ್ಷಕ್ಕೆ ಅತಿ ಹತ್ತಿರ ಅಂಟಿಕೊಂಡು ತಿರುಗುವುದರಿಂದ ಅದು ಗುಡಿಸುವ ಜಾಗ ಕಡಿಮೆ. ಯಾವ ಲಂಬಕೋನ ತ್ರಿಭುಜ ತೆಗೆದುಕೊಂಡರೂ ವಿಕರ್ಣದ ಸುತ್ತ ತಿರುಗಿಸಿದಾಗಲೇ ಘನಫಲ ಅತಿ ಕಡಿಮೆ.

ಲಂಬಕೋನವಿಲ್ಲದ ತ್ರಿಭುಜವಾದರೂ ‘⅓ × π × ಲಂಬದ ವರ್ಗ × ಅಕ್ಷವಾದ ಬಾಹು’ ಎಂಬ ಸೂತ್ರ ಕೆಡುವುದಿಲ್ಲ. ವಿಶಾಲ ಕೋನದ ತ್ರಿಭುಜವನ್ನು ಅದರ ಗಿಡ್ಡ ಬಾಹುವಿನ ಸುತ್ತ ತಿರುಗಿಸಿದರೆ ಲಂಬದ ಬುಡ ಬಾಹುವಿನ ಆಚೆ ಬೀಳುತ್ತದೆ. ಆಗ ಎರಡು ಶಂಕುಗಳನ್ನು ಕೂಡಿಸುವ ಬದಲು ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕಾಗುತ್ತದೆ. ಎತ್ತರಗಳ ವ್ಯತ್ಯಾಸ ಆಗಲೂ ಆ ಬಾಹುವೇ. ಆದರೆ ಅಲ್ಲಿ ಸಿಗುವುದು ಜೋಡಿ ಶಂಕುವಲ್ಲ, ಒಳಗೆ ಶಂಕುವಿನ ಹಳ್ಳವಿರುವ ಶಂಕು. ಲಂಬಕೋನ ತ್ರಿಭುಜದಲ್ಲಿ ವಿಕರ್ಣಕ್ಕೆ ಎಳೆದ ಲಂಬದ ಬುಡ ಎಂದೂ ಹೊರಗೆ ಬೀಳುವುದಿಲ್ಲ, ಹಾಗಾಗಿ ಎರಡು ಶಂಕುಗಳು ಬಂದೇ ಬರುತ್ತವೆ.

ಕೊನೆಯದಾಗಿ, ಉತ್ತರವನ್ನು ಪರೀಕ್ಷಿಸುವ ಒಂದು ದಾರಿ. ಅರ್ಧವೃತ್ತದಲ್ಲಿ ಉಂಟಾಗುವ ಕೋನ ಲಂಬಕೋನ. ಅಂದರೆ ವಿಕರ್ಣವನ್ನು ವ್ಯಾಸವಾಗಿಟ್ಟು ಅರ್ಧವೃತ್ತ ಬರೆದರೆ ತ್ರಿಭುಜದ ಲಂಬಕೋನದ ಶೃಂಗ ಅದರ ಮೇಲೆಯೇ ಇರುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಅರ್ಧವೃತ್ತ ಗೋಳವಾಗುತ್ತದೆ, ಜೋಡಿ ಶಂಕು ಆ ಗೋಳದ ಒಳಗೆ ಕೂರುತ್ತದೆ. ಲಂಬ ಎಷ್ಟೇ ಬೆಳೆದರೂ ಗೋಳದ ತ್ರಿಜ್ಯವನ್ನು ಮೀರಲಾರದು. ಲಂಬ ಅಷ್ಟು ಬೆಳೆಯುವುದು ಎರಡು ಬಾಹುಗಳೂ ಸಮವಾದಾಗ, ಆಗ ಘನಫಲ πc³/12, ಗೋಳದ ಘನಫಲದ ಸರಿಯಾಗಿ ಅರ್ಧ. ಅದಕ್ಕಿಂತ ಹೆಚ್ಚು ಯಾವ ಜೋಡಿ ಶಂಕುವೂ ಹಿಡಿಯಲಾರದು. ನಮ್ಮ ಲೆಕ್ಕದಲ್ಲಿ ಆ ಮಿತಿ ಸುಮಾರು 10.42π, ಉತ್ತರ 9.6π ಅದರೊಳಗೆ ಇದೆ. 3ನ್ನು ತ್ರಿಜ್ಯ, 4ನ್ನು ಎತ್ತರ ಎಂದುಕೊಂಡವರ 12π ಮಿತಿ ದಾಟಿದೆ, 3ನ್ನು ತ್ರಿಜ್ಯ, 5ನ್ನು ಎತ್ತರ ಎಂದುಕೊಂಡವರ 15π ಕೂಡ. 2.4ನ್ನು ವ್ಯಾಸ ಎಂದು ತಿಳಿದು ಅರ್ಧ ಮಾಡಿದ ತಪ್ಪು ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಆ ಉತ್ತರ ಮಿತಿಗಿಂತ ಬಹಳ ಕಡಿಮೆ ಇರುತ್ತದೆ. ಆದ್ದರಿಂದ ಇಂಥ ಲೆಕ್ಕ ಮುಗಿಸಿದ ಮೇಲೆ ವಿಕರ್ಣದ ಘನವನ್ನು 12ರಿಂದ ಭಾಗಿಸಿ, ನಿಮ್ಮ ಉತ್ತರದಲ್ಲಿ π ಜೊತೆಗಿರುವ ಸಂಖ್ಯೆಯನ್ನು ಅದರೊಂದಿಗೆ ಹೋಲಿಸಿ. ಅದಕ್ಕಿಂತ ಹೆಚ್ಚಿದ್ದರೆ ಲಂಬವನ್ನು ಎಳೆದು ತ್ರಿಜ್ಯವನ್ನು ಮತ್ತೊಮ್ಮೆ ಲೆಕ್ಕ ಹಾಕಿ.