ರಾತ್ರಿಯಲ್ಲಿ ಓಲಾಡುವ ವಾಲ್ವ್
ಬೆಂಗಳೂರಿನ ಡಿಸೆಂಬರ್ ರಾತ್ರಿ, ಬಹುಪಾಲು ಖಾಲಿಯಾದ ಕಚೇರಿ ಕಟ್ಟಡವೊಂದನ್ನು ಊಹಿಸಿ. ಎ.ಸಿ. ಗಾಳಿ 13 ಡಿಗ್ರಿಯಲ್ಲಿ ನಿಲ್ಲದೆ, ನಾಲ್ಕು ನಿಮಿಷಕ್ಕೊಮ್ಮೆ 11ಕ್ಕೂ 15ಕ್ಕೂ ಓಲಾಡುತ್ತದೆ. ತಣ್ಣೀರಿನ ವಾಲ್ವ್ ಶೇ. 20ರಷ್ಟು ತೆರೆದು, ಪೂರ್ತಿ ಮುಚ್ಚಿ, ಮತ್ತೆ ತೆರೆಯುತ್ತದೆ.

ಹೊರೆ ಕಡಿಮೆಯಿದ್ದಾಗ ವಾಲ್ವ್ ತುಸು ತೆರೆದರೂ ಕಾಯಿಲ್ ವಿಪರೀತ ತಂಪಾಗುತ್ತದೆ. ಮಧ್ಯಾಹ್ನಕ್ಕೆ ಹೊಂದಿಸಿದ ಕಂಟ್ರೋಲರ್ ರಾತ್ರಿಗೆ ಅತಿ ಚುರುಕು.

ಮೊದಲು ಅದನ್ನು ಮ್ಯಾನ್ಯುಯಲ್‌ಗೆ ಹಾಕಿ ವಾಲ್ವನ್ನು ಶೇ. 8ರಲ್ಲಿ ಬಿಡಬೇಕು. ಓಲಾಟ ಮುಂದುವರಿದರೆ ಕಾರಣ ಬೇರೆಡೆ ಇದೆ, ಬಹುಶಃ ನೀರಿನ ಒತ್ತಡದಲ್ಲಿ. ನಿಂತರೆ, ಪ್ರೊಪೋರ್ಷನಲ್ ಗೇನ್ ಅರ್ಧಕ್ಕಿಳಿಸಿ, ಒಂದು ನಿಮಿಷವಿದ್ದ ಇಂಟಿಗ್ರಲ್ ಸಮಯವನ್ನು ನಾಲ್ಕಕ್ಕೇರಿಸಿ, ಆಟೋಗೆ ಮರಳಿಸಿ ನೋಡಬೇಕು.

ಸಂಕೇತ ನಿಧಾನವಾಗಿ ಬದಲಾದರೂ ವಾಲ್ವ್ ಅಂಟಿಕೊಂಡಿದ್ದು ಥಟ್ಟನೆ ಜಿಗಿದರೆ, ಟ್ಯೂನಿಂಗ್ ವ್ಯರ್ಥ, ರಿಪೇರಿಯೇ ಬೇಕು. ವಾಲ್ವ್ ತೀರಾ ದೊಡ್ಡದಾಗಿದ್ದರೆ, ಪಕ್ಕದಲ್ಲೊಂದು ಚಿಕ್ಕ ವಾಲ್ವ್ ಜೋಡಿಸುವುದು ಒಂದು ದಾರಿ.