ಶುಗರ್ 168, ಆದರೂ ರಕ್ತವೆಲ್ಲ ಆಮ್ಲ

ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವ, 56 ವರ್ಷದ ಒಬ್ಬ ಗೃಹಿಣಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಿನಕ್ಕೊಂದು ಡಾಪಾಗ್ಲಿಫ್ಲೋಜಿನ್ 10 ಮಿಲಿಗ್ರಾಂ ಮಾತ್ರೆ, ಜೊತೆಗೆ ಮೆಟ್‌ಫಾರ್ಮಿನ್. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿದೆ. ಹಿಂದಿನ ದಿನದವರೆಗೂ ಮಾತ್ರೆ ನುಂಗಿದ್ದರು, ಆಮೇಲೆ ಉಪವಾಸ. ಆಪರೇಷನ್ ಆದ ಎರಡನೇ ದಿನ ವಾಂತಿ ಶುರುವಾಯಿತು, ಹೊಟ್ಟೆನೋವು, ಸುಸ್ತು. ನರ್ಸ್ ಬೆರಳು ಚುಚ್ಚಿ ನೋಡಿದರೆ ಶುಗರ್ 168. ಗಾಬರಿಪಡುವ ಅಂಕಿ ಅಲ್ಲ, ಅರಿವಳಿಕೆಯ ಪರಿಣಾಮ ಇರಬಹುದು ಎಂದು ವಾಂತಿಗೆ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಆಕೆ ಓಡಿ ಬಂದವರಂತೆ ಆಳವಾಗಿ, ಬೇಗಬೇಗ ಉಸಿರಾಡುತ್ತಿದ್ದರು. ಶ್ವಾಸಕೋಶದಲ್ಲಿ ತೊಂದರೆಯೇನೂ ಇರಲಿಲ್ಲ. ರಕ್ತದಲ್ಲಿ ಕೂಡಿದ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ದೇಹ ಹೆಣಗುತ್ತಿತ್ತು.

ಕೀಟೋಆಸಿಡೋಸಿಸ್ ಎಂದರೆ ಶುಗರ್ 400, 500 ದಾಟಿರಬೇಕು ಎಂಬುದು ಹಳೆಯ ರೂಢಿ. ಈ ಮಾತ್ರೆಗಳು ಆ ರೂಢಿಯನ್ನೇ ಕೆಡಿಸಿವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಎಲ್ಲವೂ ಎಸ್‌ಜಿಎಲ್‌ಟಿ-2 ಎಂಬ ಪ್ರೋಟೀನನ್ನು ತಡೆಯುತ್ತವೆ. ಮೂತ್ರಪಿಂಡ ಸೋಸಿದ ಗ್ಲುಕೋಸನ್ನು ರಕ್ತಕ್ಕೆ ಹಿಂದಿರುಗಿಸುವ ಕೆಲಸ ಅದರದು. ಅದನ್ನು ತಡೆದರೆ ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಗ್ಲುಕೋಸ್ ಮೂತ್ರದಲ್ಲಿ ಹೊರಟುಹೋಗುತ್ತದೆ. ಇದಕ್ಕೆ ಇನ್ಸುಲಿನ್ ಬೇಕಿಲ್ಲ. ಮಾತ್ರೆಯ ಹೆಚ್ಚುಗಾರಿಕೆಯೂ ಅಪಾಯವೂ ಇರುವುದು ಇಲ್ಲಿಯೇ.

ಯಾಕೆಂದರೆ ಇನ್ಸುಲಿನ್ನಿಗೆ ಇನ್ನೊಂದು ಕೆಲಸವಿದೆ: ಕೊಬ್ಬು ಕರಗದಂತೆ ಹಿಡಿದಿಡುವುದು. ಶುಗರ್ ಮೂತ್ರದಲ್ಲಿ ಸೋರಿ ಇಳಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವುದನ್ನು ಕಡಿಮೆ ಮಾಡುತ್ತದೆ, ಗ್ಲುಕಗಾನ್ ಏರುತ್ತದೆ. ಅದರ ಮೇಲೆ ಉಪವಾಸ, ಆಪರೇಷನ್ನಿನ ಒತ್ತಡ, ಜ್ವರ ಅಥವಾ ವಾಂತಿ ಸೇರಿದರೆ ಕೊಬ್ಬು ಧಾರಾಳವಾಗಿ ಕರಗಿ, ಯಕೃತ್ತು ಅದನ್ನು ಕೀಟೋನ್‌ಗಳಾಗಿ ಮಾರ್ಪಡಿಸುತ್ತದೆ. ಕೀಟೋನ್‌ಗಳು ಆಮ್ಲ. ಗ್ಲುಕೋಮೀಟರ್ ಅಳೆಯುವುದು ತೊಟ್ಟಿಯಲ್ಲಿ ಉಳಿದ ನೀರಿನ ಮಟ್ಟವನ್ನಷ್ಟೇ. ತಳದ ತೂತಿನಿಂದ ಎಷ್ಟು ಹರಿದುಹೋಯಿತು ಎಂಬುದು ಅದಕ್ಕೆ ತಿಳಿಯದು. ಇನ್ಸುಲಿನ್ ಹಾಕಿಕೊಳ್ಳುವವರು 'ಶುಗರ್ ಚೆನ್ನಾಗಿದೆಯಲ್ಲ' ಎಂದು ಡೋಸ್ ಏಕಾಏಕಿ ಇಳಿಸಿದರೂ, ಅನ್ನ ರಾಗಿ ಎಲ್ಲ ಬಿಟ್ಟು ಕಟ್ಟುನಿಟ್ಟಿನ ಕೀಟೋ ಡಯಟ್ ಹಿಡಿದರೂ ಇದೇ ಗತಿ ಬರಬಹುದು.

ಆಕೆಯ ರಕ್ತಪರೀಕ್ಷೆಗೆ ಬರೋಣ. ಪಿಹೆಚ್ 7.2; ಇದು 7.35ಕ್ಕಿಂತ ಕೆಳಗಿರಬಾರದು. ಬೈಕಾರ್ಬನೇಟ್ 8, ಇರಬೇಕಾದ್ದು 22ರ ಆಸುಪಾಸು. ಸೋಡಿಯಂ 138, ಕ್ಲೋರೈಡ್ 104. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಕಳೆದರೆ 26 ಉಳಿಯುತ್ತದೆ. ಸಾಮಾನ್ಯವಾಗಿ ಇದು 12ರ ಸುತ್ತ ಇರುತ್ತದೆ. ಅಂದರೆ ಲೆಕ್ಕಕ್ಕೆ ಸಿಗದ ಆಮ್ಲವೊಂದು ರಕ್ತದಲ್ಲಿದೆ. ಲ್ಯಾಕ್ಟೇಟ್ ಸರಿಯಾಗಿತ್ತು, ಹಾಗಾಗಿ ಗುಮಾನಿ ಕೀಟೋನ್ ಮೇಲೆ ಹೋಯಿತು. ರಕ್ತದ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ 6 ಮಿಲಿಮೋಲ್. 3 ದಾಟಿದರೇ ತುರ್ತು ಸ್ಥಿತಿ. ಮೂತ್ರದ ಪಟ್ಟಿಯನ್ನು ಮಾತ್ರ ನಂಬಿ ಕೂರುವಂತಿಲ್ಲ. ಅದು ಗುರುತಿಸುವುದು ಅಸಿಟೊಅಸಿಟೇಟ್ ಎಂಬ ಬೇರೆ ಕೀಟೋನನ್ನು, ಮುಖ್ಯವಾದುದೇ ಅದರ ಕಣ್ಣಿಗೆ ಬೀಳುವುದಿಲ್ಲ.

ಚಿಕಿತ್ಸೆಯಲ್ಲಿ ವೈದ್ಯರಿಗೂ ಮನಸ್ಸು ಅಳುಕುವ ಹೆಜ್ಜೆಯೊಂದಿದೆ. ಶುಗರ್ 168 ಇರುವವರಿಗೆ ಇನ್ಸುಲಿನ್ ಹೇಗೆ ಕೊಡುವುದು? ಆದರೆ ಕೀಟೋನ್ ತಯಾರಿ ನಿಲ್ಲಿಸುವುದು ಇನ್ಸುಲಿನ್ ಒಂದೇ. ಆದ್ದರಿಂದ ಸಲೈನ್ ಜೊತೆಗೆ ಮೊದಲಿನಿಂದಲೇ ಡೆಕ್ಸ್ಟ್ರೋಸ್ ಡ್ರಿಪ್ ಹಾಕಿ, ಅದರ ಆಸರೆಯಲ್ಲಿ ಇನ್ಸುಲಿನ್ ಹರಿಸಬೇಕು. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಕೋಶಗಳೊಳಗೆ ತಳ್ಳುವುದರಿಂದ ಅದನ್ನು ಮೊದಲೇ ನೋಡಿಕೊಂಡು, ಮತ್ತೆಮತ್ತೆ ಅಳೆಯಬೇಕು. ಇನ್ಸುಲಿನ್ ನಿಲ್ಲಿಸುವುದು ಶುಗರ್ ನೋಡಿಯಲ್ಲ, ಆಮ್ಲ ಇಳಿದ ಮೇಲೆ. ಮಾತ್ರೆ ನಿಂತರೂ ಮೂತ್ರದಲ್ಲಿ ಸಕ್ಕರೆ ಹೋಗುವುದು ಕೆಲವರಲ್ಲಿ ಹಲವು ದಿನ ಮುಂದುವರಿಯುತ್ತದೆ; ಬೇಗ ಡ್ರಿಪ್ ಬಿಚ್ಚಿದರೆ ಕೀಟೋನ್ ಮತ್ತೆ ಏರಬಹುದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. 2020ರಲ್ಲಿ, ನಿಗದಿಯಾದ ಆಪರೇಷನ್ನಿಗೆ ಕನಿಷ್ಠ 3 ದಿನ ಮೊದಲೇ ಈ ಮೂರೂ ಮಾತ್ರೆಗಳನ್ನು ನಿಲ್ಲಿಸಬೇಕೆಂದು ಹೇಳಿತು. ನಮ್ಮ ಉದಾಹರಣೆಯ ಹೆಂಗಸಿಗೆ ತಪ್ಪಿಹೋದದ್ದು ಆ 3 ದಿನಗಳು.

ಟೈಪ್ 2 ಕಾಯಿಲೆಯವರಲ್ಲಿ ಇದು ಅಪರೂಪ. ಹೃದಯಕ್ಕೂ ಮೂತ್ರಪಿಂಡಕ್ಕೂ ಈ ಮಾತ್ರೆಗಳಿಂದ ಆಗುವ ಉಪಕಾರ ದೊಡ್ಡದು, ಹೆದರಿ ಬಿಸಾಡುವಂಥವಲ್ಲ. ಆದರೆ ನಮ್ಮಲ್ಲಿ ಇವು ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್ ಜೊತೆ ಒಂದೇ ಗುಳಿಗೆಯಲ್ಲಿ ಬೆರೆತು ಬರುವುದರಿಂದ, ತಾವು ಏನು ನುಂಗುತ್ತಿದ್ದೇವೆ ಎಂಬುದು ಎಷ್ಟೋ ಜನಕ್ಕೆ ತಿಳಿದಿರುವುದಿಲ್ಲ. ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 'ಗ್ಲಿಫ್ಲೋಜಿನ್' ಎಂದು ಕೊನೆಯಾಗುವ ಹೆಸರಿದೆಯೇ ನೋಡಿ. ಇದ್ದರೆ, ವಾಂತಿಯಾಗಿ ಊಟ ಸೇರದ ದಿನ ಆ ಮಾತ್ರೆ ತೆಗೆದುಕೊಳ್ಳಬೇಡಿ, ವೈದ್ಯರಿಗೆ ಫೋನ್ ಮಾಡಿ. ಇನ್ಸುಲಿನ್ ಹಾಕಿಕೊಳ್ಳುವವರು ಅದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ವಾಂತಿ ನಿಲ್ಲದೆ, ಉಸಿರಾಟ ಜೋರಾದರೆ ಶುಗರ್ ಎಷ್ಟೇ ಇರಲಿ, ನೇರ ಆಸ್ಪತ್ರೆಗೆ ಹೋಗಿ ಸ್ಟ್ರಿಪ್ ತೋರಿಸಿ, ರಕ್ತದ ಕೀಟೋನ್ ನೋಡಿ ಎಂದು ಕೇಳಿ.