ರಿಪೋರ್ಟ್‌ನಲ್ಲಿರೋ 4, ನಾಲ್ಕನೇ ಸ್ಟೇಜ್ ಅಲ್ಲ

ಮ್ಯಾಮೋಗ್ರಾಮ್ ರಿಪೋರ್ಟ್ ಕೈಗೆ ಬಂದರೆ ಎಲ್ಲರ ಕಣ್ಣು ಹೋಗೋದು ಕೊನೆಯ ಸಾಲಿಗೆ. ಅಲ್ಲಿ 'ಬೈ-ರಾಡ್ಸ್ 4' ಅಂತ ಇದ್ದರೆ, ಕ್ಯಾನ್ಸರ್ ನಾಲ್ಕನೇ ಸ್ಟೇಜ್ ಅಂದುಕೊಂಡು ಮನೆಮಂದಿಯೆಲ್ಲ ಅಳೋಕೆ ಶುರು ಮಾಡ್ತಾರೆ. ನೋಡಿ, ಆ ಅಂಕಿ ಸ್ಟೇಜ್ ಅಲ್ಲ. ಅನುಮಾನ ಎಷ್ಟಿದೆ, ಮುಂದೇನು ಮಾಡಬೇಕು ಅಂತ ರೇಡಿಯಾಲಜಿಸ್ಟ್ ನಿಮ್ಮ ಡಾಕ್ಟರ್‌ಗೆ ಹೇಳುವ ಸಂಕೇತ ಅದು.

ಒಂದು ಉದಾಹರಣೆ ತಗೊಳ್ಳೋಣ. ಐವತ್ತು ದಾಟಿದ ಹೆಣ್ಣುಮಗಳು. ಗಂಟಿಲ್ಲ, ನೋವಿಲ್ಲ. ರಿಪೋರ್ಟ್ ಹೇಳೋದು ಮೂರು ವಿಷಯ: ಡೆನ್ಸಿಟಿ ಸಿ, ಒಂದೇ ಕಡೆ ಗುಂಪಾಗಿರುವ ಕ್ಯಾಲ್ಸಿಫಿಕೇಶನ್, ಬೈ-ರಾಡ್ಸ್ 0.

ಸಿ ಅನ್ನೋದು ರೋಗದ ಹೆಸರಲ್ಲ. ಎಕ್ಸ್-ರೇಯಲ್ಲಿ ಸ್ತನದ ಕೊಬ್ಬು ಕಪ್ಪಾಗಿ ಕಾಣುತ್ತೆ, ಗ್ರಂಥಿ ಮತ್ತು ನಾರಿನ ಭಾಗ ಬೆಳ್ಳಗೆ ಕಾಣುತ್ತೆ. ಬಿಳಿ ಹೆಚ್ಚಾದ ಹಾಗೆ ಎ, ಬಿ, ಸಿ, ಡಿ. ಗಡ್ಡೆಯ ಬಣ್ಣವೂ ಬಿಳಿಯೇ. ಹಾಗಾಗಿ ಸಿ, ಡಿ ಇದ್ದವರಲ್ಲಿ ಗಡ್ಡೆ ಮರೆಯಾಗಬಹುದು ಅಂತ ಕೆಲವೊಮ್ಮೆ ಅಲ್ಟ್ರಾಸೌಂಡ್ ಕೂಡ ಮಾಡಿಸ್ತಾರೆ.

ಕ್ಯಾಲ್ಸಿಫಿಕೇಶನ್ ಅಂದರೆ ಸುಣ್ಣದ ಸಣ್ಣ ಕಣಗಳು. ಹಾಲು ಕುಡಿದಿದ್ದರಿಂದಲೋ ಕ್ಯಾಲ್ಸಿಯಂ ಮಾತ್ರೆಯಿಂದಲೋ ಬಂದದ್ದಲ್ಲ. ಬಹುಪಾಲು ನಿರಪಾಯ. ದಪ್ಪನೆಯ ಪಾಪ್‌ಕಾರ್ನ್ ಆಕಾರ, ರಕ್ತನಾಳದ ಗುಂಟ ರೈಲು ಹಳಿಯಂತೆ ಕಾಣುವ ಗೆರೆ, ಇವಕ್ಕೆ ಹೆದರಬೇಕಿಲ್ಲ. ಒಂದೊಂದೂ ಒಂದೊಂದು ಆಕಾರದ ಸಣ್ಣ ಚೂರುಗಳು ಗುಂಪಾಗಿದ್ದರೆ, ಕವಲೊಡೆದ ಗೆರೆಯಂತಿದ್ದರೆ ಅನುಮಾನ. ಹಾಲಿನ ನಾಳದೊಳಗೇ ಇರುವ ಆರಂಭದ ಕ್ಯಾನ್ಸರ್ ಹೀಗೆ ಕಾಣಿಸಿಕೊಳ್ಳಬಹುದು.

0 ಅಂದರೆ ಏನೂ ಇಲ್ಲ ಅಂತಲ್ಲ, ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ. ಆ ಜಾಗವನ್ನ ದೊಡ್ಡದು ಮಾಡಿ ಮತ್ತೆ ಎಕ್ಸ್-ರೇ ತೆಗೀತಾರೆ. ಈಕೆಯ ಚೂರುಗಳು ಬೇರೆಬೇರೆ ಆಕಾರದಲ್ಲಿದ್ದವು ಅನ್ನಿ, ಹೊಸ ರಿಪೋರ್ಟ್ 4ಬಿ. ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇಕಡಾ 10ಕ್ಕಿಂತ ಹೆಚ್ಚು, 50ರವರೆಗೆ. ಇಲ್ಲದಿರುವ ಸಾಧ್ಯತೆಯೂ ಕಡಿಮೆಯೇನಲ್ಲ. ಆದರೆ ಬಯಾಪ್ಸಿ ಬಿಡುವ ಹಾಗಿಲ್ಲ. 3 ಬಂದಿದ್ದರೆ ಅನುಮಾನ ಶೇಕಡಾ 2ನ್ನೂ ಮೀರದು, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ಮ್ಯಾಮೋಗ್ರಾಮ್ ಸಾಕಾಗ್ತಿತ್ತು.

ಎಡವೋದು ಇಲ್ಲೇ. ಬಯಾಪ್ಸಿಗೆ ಹೆದರಿ ಬೇರೆ ಕಡೆ ಅಲ್ಟ್ರಾಸೌಂಡ್ ಮಾಡಿಸ್ತಾರೆ. 'ನಾರ್ಮಲ್' ಅಂತ ಬಂದರೆ ನಿಟ್ಟುಸಿರು ಬಿಟ್ಟು ಸುಮ್ಮನಾಗ್ತಾರೆ. ಆದರೆ ಇಷ್ಟು ಸಣ್ಣ ಕಣಗಳು ಅಲ್ಟ್ರಾಸೌಂಡ್‌ನಲ್ಲಿ ಅನೇಕ ಸಲ ಕಾಣೋದೇ ಇಲ್ಲ. ಆ 'ನಾರ್ಮಲ್' 4ಬಿಯನ್ನು ಅಳಿಸಿಹಾಕಲ್ಲ. ಅದಕ್ಕೇ ಮ್ಯಾಮೋಗ್ರಾಮ್ ಯಂತ್ರದಲ್ಲೇ ಜಾಗ ಗುರುತಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಚೂರು ತೆಗೀತಾರೆ. ತೆಗೆದ ಚೂರಿಗೂ ಎಕ್ಸ್-ರೇ ಮಾಡಿ ಸುಣ್ಣದ ಕಣ ಬಂದಿದೆಯಾ ಅಂತ ನೋಡ್ತಾರೆ. ಬಯಾಪ್ಸಿ ಆದ ಮೇಲೆ ನೀವು ಕೇಳಬೇಕಾದ ಪ್ರಶ್ನೆಯೂ ಅದೇ: 'ಡಾಕ್ಟ್ರೇ, ಆ ಕಣಗಳು ಚೂರಿನಲ್ಲಿ ಸಿಕ್ಕಿವೆಯಾ?'